ತಲೆ ಮಾತ್ರ ತೋರಿಸಿ

ತೆಂಗು ಬೆಳೆಗಾರರ ಸಂಘದ ಮಹಡಿ ಕೋಣೆಯಲ್ಲಿ ಕೂರುವ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೇನು ಎಂದು ಕೇಳಿದರೆ ಸಂಘದ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ಅವಳು ಫೋಟೋ ಡಾಕ್ಟರಮ್ಮ. ಮರದ ಹತ್ತಿರ ಹೋಗುವುದಿಲ್ಲ, ಮರ ಮುಟ್ಟುವುದಿಲ್ಲ, ಬೆಳೆಗಾರರು ಕೆಳಗೆ ನಿಂತು ಫೋನಿನಲ್ಲಿ ಹಿಡಿದು ಕಳಿಸಿದ ಫೋಟೋ ನೋಡಿಯೇ ಇದು ಇಂಥ ರೋಗ, ಇದಕ್ಕೆ ಇಂಥ ಮದ್ದು ಎಂದು ಹೇಳುತ್ತಾಳೆ. ಹೇಳಿದ್ದು ತಪ್ಪಿದ ನೆನಪು ಯಾರಿಗೂ ಇರಲಿಲ್ಲ. ಅವಳಿಗಂತೂ ಇರಲೇ ಇಲ್ಲ, ಕಷ್ಟ ಶುರುವಾದದ್ದೇ ಅಲ್ಲಿಂದ.

ಮೊದಮೊದಲು ಜನ ಕಳಿಸುತ್ತಿದ್ದ ಫೋಟೋಗಳನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಒಬ್ಬ ಮರದ ಬುಡಕ್ಕೆ ಒರಗಿ, ತಲೆ ಬಾಚಿಕೊಂಡು, ತನ್ನದೇ ಫೋಟೋ ತೆಗೆಸಿ ಕಳಿಸುವವನು. ಮರ ಬುಡದಿಂದ ಸೊಂಟದವರೆಗೆ ಕಾಣುತ್ತದೆ, ರೋಗ ಇರುವುದು ಐವತ್ತು ಅಡಿ ಮೇಲೆ. ಇನ್ನೊಬ್ಬ ಕಾಂಡಕ್ಕೆ ಅಂಟಿಕೊಂಡೇ ನಿಂತು ನೆಟ್ಟಗೆ ಮೇಲಕ್ಕೆ ಫೋನು ಎತ್ತುತ್ತಾನೆ. ಆಗ ಕಾಣುವುದು ಕೆಳಗಿನ ಗರಿಗಳ ಹೊಟ್ಟೆ, ನಾಲ್ಕು ಕಾಯಿಯ ತಳ, ನಡುವೆ ಬಿಸಿಲಿನ ಬಿಳಿ ಚುಕ್ಕೆ. ಸಂಜೆ ಬಿಸಿಲಲ್ಲಿ ತೆಗೆದರೆ ಆರೋಗ್ಯವಂತ ಮರವೂ ಕಾಮಾಲೆ ಹತ್ತಿದ ಹಾಗೆ ಹಳದಿ ಕಾಣುತ್ತದೆ. ಇನ್ನು ಕೆಲವರ ಹೆಬ್ಬೆರಳು ರೋಗದ ಮೇಲೆಯೇ ಬಂದು ಕೂರುತ್ತದೆ.

ಇದನ್ನೆಲ್ಲ ನೋಡಿ ನೋಡಿ ಅವಳಿಗೆ ರೇಗಿಹೋಯಿತು. ಆಗ ಮಾಡಿದ್ದು ಒಂದು ಕಟ್ಟಪ್ಪಣೆ. ಮರದಿಂದ ದೂರ ಹೋಗಿ ನಿಲ್ಲಿ, ಮರ ಎಷ್ಟು ಎತ್ತರವೋ ಅಷ್ಟು ದೂರ. ಬೆನ್ನಿಗೆ ಬಿಸಿಲು ಇರಲಿ. ಫೋಟೋವನ್ನು ಹಿಗ್ಗಿಸಿ. ಬುಡ, ಕಾಂಡ, ನಿಮ್ಮ ಅಂಗಿಯ ಬಣ್ಣ ಯಾವುದೂ ನನಗೆ ಬೇಡ. ತಲೆ ಮಾತ್ರ ತೋರಿಸಿ.

ಜನ ಕಲಿತರು. ಫೋನಿನ ತುಂಬ ಬರೀ ಮರದ ತಲೆಗಳು ಬರತೊಡಗಿದವು. ಡಾಕ್ಟರಮ್ಮನ ಕೆಲಸ ಸಲೀಸಾಯಿತು. ಕೆಳಗಿನ ಹಳೆಯ ಗರಿಗಳು ಮಾತ್ರ ಹಳದಿಯಾಗಿ, ತುದಿ ಸುಟ್ಟ ಹಾಗಿದ್ದರೆ ಪೊಟ್ಯಾಷ್ ಸಾಲದು. ಮರವಿಡೀ ಮಂಕಾಗಿದ್ದರೆ ಬೇರಿನಲ್ಲಿ ನೀರು ನಿಂತಿದೆ ನೋಡಿ. ಬಿಚ್ಚಿಕೊಂಡ ಗರಿಯಲ್ಲಿ, ಮಡಚಿದ ಕಾಗದಕ್ಕೆ ಕತ್ತರಿ ಹಾಕಿ ಬಿಡಿಸಿದ ಹಾಗೆ ಕೋನ ಕೋನವಾಗಿ ಎಲೆ ಇಲ್ಲದಿದ್ದರೆ ಅದು ಕೊಂಬಿನ ದುಂಬಿಯ ಕೆಲಸ. ಗರಿ ಸುಳಿಯೊಳಗೆ ಮಡಚಿಕೊಂಡಿದ್ದಾಗಲೇ ಕೊರೆದು ತಿಂದಿರುತ್ತದೆ, ಗರಿ ಬಿಚ್ಚಿದ ಮೇಲೆ ನಮಗೆ ಕಾಣುತ್ತದೆ. ಗೊಬ್ಬರದ ಗುಂಡಿ ಹುಡುಕಿ ಹುಳು ಕೊಲ್ಲಿ, ಸುಳಿಯ ಸುತ್ತಿನ ಗರಿಗಳ ಬುಡಕ್ಕೆ ಮರಳು, ಬೇವಿನ ಹಿಂಡಿ ತುಂಬಿ. ಇದೆಲ್ಲ ಸಣ್ಣಪುಟ್ಟ ಕಾಯಿಲೆ, ಮರ ಬದುಕಿಕೊಳ್ಳುತ್ತದೆ.

ಅವಳು ನಿಜಕ್ಕೂ ಹೆದರುತ್ತಿದ್ದುದು ಸುಳಿ ಕೊಳೆಗೆ. ಅದು ಮೋಸದ ರೋಗ. ಸುತ್ತಲಿನ ಗರಿಗಳೆಲ್ಲ ಹಸಿರಾಗಿಯೇ ಇರುತ್ತವೆ, ಗೊನೆ ತೂಗುತ್ತಿರುತ್ತದೆ, ನಟ್ಟನಡುವಿನ ಸುಳಿ ಮಾತ್ರ ಬಣ್ಣ ಕಳೆದುಕೊಂಡು, ಕಂದಾಗಿ, ಒಂದು ದಿನ ವಾಲಿ ಬೀಳುತ್ತದೆ. ಮೇಲೆ ಹತ್ತಿ ಎಳೆದರೆ ಕೈಗೇ ಬರುತ್ತದೆ, ಬುಡ ಕೊಳೆತು ಗಬ್ಬು ನಾರುತ್ತಿರುತ್ತದೆ. ತೆಂಗಿಗೆ ಬೆಳೆಯುವ ಜಾಗ ಅದೊಂದೇ. ಅದು ಸತ್ತರೆ ಮರ ಸತ್ತಂತೆ, ಮಿಕ್ಕ ಹಸಿರೆಲ್ಲ ನಾಲ್ಕು ತಿಂಗಳ ನಾಟಕ. ಮಳೆ ನೀರಿನ ಜೊತೆ ರೋಗ ಪಕ್ಕದ ಮರಗಳಿಗೆ ಹಾರುತ್ತದೆ ಎಂದು ಸಂಘದವರು ಒಂದು ಕಟ್ಟು ಮಾಡಿಕೊಂಡಿದ್ದರು: ಫಸಲು ಬಿಡುವ ಮರವನ್ನು ಯಾರೂ ಸುಮ್ಮನೆ ಕಡಿಯುವಂತಿಲ್ಲ, ಡಾಕ್ಟರಮ್ಮ ಸುಳಿ ಸತ್ತಿದೆ ಎಂದರೆ ಕಡಿಯದೆ ಬಿಡುವಂತೆಯೂ ಇಲ್ಲ, ತಲೆ ಸುಡಲೇಬೇಕು. ಅಂದರೆ ಮರದ ಸಾವು ಬದುಕು ಆ ಮಹಡಿ ಕೋಣೆಯ ಮೇಜಿನ ಮೇಲೆ ನಿಶ್ಚಯವಾಗುತ್ತಿತ್ತು.

ಅವಳಿಗೆ ಒಬ್ಬ ಅಣ್ಣ, ಒಬ್ಬಳು ಅಕ್ಕ. ಅಪ್ಪ ಸಾಯುವ ಮುಂಚೆ ಮೂವರನ್ನೂ ಕೂರಿಸಿಕೊಂಡು ಬಾಯಿಮಾತಿನಲ್ಲೇ ಪಾಲು ಮಾಡಿದ್ದ. ನೆಲ ಮಗನಿಗೆ. ಕಿರಿಮಗಳಿಗೆ ಓದಿಸಿದ್ದೇನೆ, ಅದೇ ಅವಳ ಪಾಲು. ಗಂಡನ ಮನೆಯಿಂದ ತಿರುಗಿ ಬಂದ ಹಿರಿಮಗಳಿಗೆ ರಸ್ತೆ ಬದಿಯ ಒಂಬತ್ತು ತೆಂಗಿನ ಮರ, ಅವುಗಳ ಪಕ್ಕದ ಒಂದು ಕೋಣೆ. ಆ ಮರಗಳು ನಿಂತಿರುವಷ್ಟು ಕಾಲ ಕಾಯಿ ಅವಳದು, ನೆಲದ ತಂಟೆಗೆ ಅವಳು ಬರಬಾರದು, ಮರದ ತಂಟೆಗೆ ಇವನು ಬರಬಾರದು. ಅಪ್ಪನಿಗೆ ತಾನು ಭಾರಿ ಜಾಣತನ ಮಾಡಿದೆ ಎಂಬ ಸಮಾಧಾನ. ಮಗನ ಆಸೆಗೂ ಮಗಳ ಊಟಕ್ಕೂ ನಡುವೆ ಒಂಬತ್ತು ಮರಗಳನ್ನು ಬೇಲಿ ಮಾಡಿ ಹೋಗಿದ್ದ, ಪುಣ್ಯಾತ್ಮ.

ಅಕ್ಕ ಆ ಮರಗಳಲ್ಲೇ ಬದುಕು ಕಟ್ಟಿಕೊಂಡಳು. ಎಳನೀರು ಮಾರಿದಳು, ಕಾಯಿ ಮಾರಿದಳು, ಬಿದ್ದ ಗರಿ ಸೀಳಿ ಕಡ್ಡಿ ಪೊರಕೆ ಕಟ್ಟಿದಳು. ತಂಗಿಯ ಮನೆಯಲ್ಲೂ ಕಚೇರಿಯಲ್ಲೂ ಅವಳು ಕಟ್ಟಿದ ಪೊರಕೆಯೇ. ಯಾರ ಮುಂದೆಯೂ ಕೈ ಚಾಚಲಿಲ್ಲ ಎಂಬುದು ಅವಳ ಒಂದೇ ಒಂದು ಜಂಬ.

ಆ ಮಳೆಗಾಲದಲ್ಲಿ ಅಣ್ಣನ ಫೋಟೋಗಳು ಬರತೊಡಗಿದವು. ಒಂದೇ ದಿನ ಬರಲಿಲ್ಲ. ಇವತ್ತೊಂದು, ನಾಳಿದ್ದು ಎರಡು, ಮತ್ತೆ ವಾರ ಬಿಟ್ಟು ಇನ್ನೆರಡು. ಒಂದು ಬೆಳಗಿನದು, ಒಂದು ಇಳಿಹೊತ್ತಿನದು, ಒಂದು ಮೋಡದಲ್ಲಿ. ಪ್ರತಿಯೊಂದರ ಕೆಳಗೂ 'ಅಕ್ಕನ ಮೂರನೇ ಮರ', 'ಅಕ್ಕನ ಏಳನೇ ಮರ' ಎಂದು ನಿಯತ್ತಾಗಿ ಬರೆದಿದ್ದ. ಡಾಕ್ಟರಮ್ಮನ ಕಟ್ಟಪ್ಪಣೆಯನ್ನು ಅವನಷ್ಟು ಚಾಚೂ ತಪ್ಪದೆ ಪಾಲಿಸಿದವರು ಇನ್ನೊಬ್ಬರಿಲ್ಲ. ದೂರ ನಿಂತು, ಬೆನ್ನಿಗೆ ಬಿಸಿಲು ಕೊಟ್ಟು, ಹಿಗ್ಗಿಸಿ, ಬರೀ ತಲೆ. ಎಲ್ಲದರಲ್ಲೂ ನಡುವಿನ ಸುಳಿ ಕಂದಾಗಿತ್ತು, ಮೊದಲಿನದೊಂದು ಬಿಟ್ಟರೆ ಮಿಕ್ಕವುಗಳಲ್ಲಿ ವಾಲಿಯೂ ಇತ್ತು, ಅದರ ಪಕ್ಕದ ಎಳೆ ಗರಿ ತೆಳು ಹಳದಿ, ಹೊರಗಿನ ಗರಿಗಳು ಹಸಿರು, ಅಲ್ಲಲ್ಲಿ ದುಂಬಿಯ ಕತ್ತರಿ. ದುಂಬಿ ಕೊರೆದ ಗಾಯದಲ್ಲಿ ಕೊಳೆ ಹೊಕ್ಕಿದೆ ಎಂದು ಪಾಠಕ್ಕೆ ಇಡಬಹುದಾದಂಥ ಚಿತ್ರಗಳು.

ಒಂಬತ್ತನೆಯದು ಬಂದ ಮೇಲೆ ಅವಳು ಅಣ್ಣನಿಗೆ ಫೋನು ಮಾಡಿದಳು.

"ಹತ್ತಿಸಿ ನೋಡಿದ್ಯಾ? ಸುಳಿ ಎಳೆದ್ರೆ ಬರುತ್ತಾ?"

"ಹೂಂ, ಕೈಗೇ ಬಂತು. ಹತ್ತಿದವನು ಮೂಗು ಮುಚ್ಕೊಂಡು ಇಳಿದ. ಫೋಟೋ ಕಳಿಸ್ತೀನಿ ನೋಡು."

ಕಳಿಸಿದ. ನೆಲದ ಮೇಲೆ ಬಿದ್ದ ಸುಳಿ, ಬುಡ ಕೊಳೆತು ಕರ್ರಗೆ ಲೋಳೆಯಾಗಿತ್ತು.

"ಒಂಬತ್ತು ಮರದ್ದೂ ಎಳೆದು ನೋಡಿದ್ರಾ?"

"ಎಲ್ಲಾ ಹಿಂಗೇ ಕಣೇ. ನನಗೇನು, ನನ್ನ ಮರ ಅಲ್ಲ. ಆದ್ರೆ ಒಳಗಿನ ತೋಟಕ್ಕೆ ಹಬ್ಬಿದ್ರೆ ನನ್ನ ಗತಿ ಏನು? ಅಕ್ಕನಿಗೆ ನಾನು ಹೇಳಿದ್ರೆ ಬೇರೆ ಅರ್ಥ ಬರುತ್ತೆ. ನೀನೇ ಹೇಳು."

ಎಷ್ಟು ತೂಕದ ಮಾತು! ಡಾಕ್ಟರಮ್ಮನಿಗೆ ಅಣ್ಣನ ಮೇಲೆ ಸ್ವಲ್ಪ ಗೌರವವೇ ಬಂತು.

ಅಕ್ಕನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಸಂಜೆಯ ಹೊತ್ತಿಗೆ ಅವಳದೇ ಫೋನು ಬಂತು.

"ಅಲ್ವೇ, ನನ್ನ ಮರ ಎಲ್ಲಾ ಕಾಯಿ ಬಿಡ್ತಾ ಇವೆ. ಕೆಳಗಡೆ ಒಂದೆರಡು ಗರಿ ಹಳದಿ ಆಗಿದೆ, ಅಷ್ಟೇ. ಹಸಿರಾಗಿ ನಿಂತಿವೆ ಕಣೇ."

"ಅದೇ ಅಕ್ಕ ಈ ರೋಗದ ಮೋಸ. ಕೆಳಗಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ. ಒಳಗೆ ಸುಳಿ ಸತ್ತಿರುತ್ತೆ, ಕಾಯಿ ಮಾತ್ರ ಬಲೀತಾ ಇರುತ್ತೆ."

"ಮೂಲೆ ಮರದ ಸುಳಿ ಬಾಗಿರೋದು ನನಗೂ ಕಂಡಿತ್ತು. ಮಿಕ್ಕಿದ್ದು ನಿಂತ ಜಾಗದಿಂದ ಕಾಣ್ಲಿಲ್ಲಪ್ಪ. ನನ್ನ ಕಣ್ಣು ಬೇರೆ ಅಷ್ಟಕ್ಕಷ್ಟೇ."

"ದೂರ ನಿಂತು ಹಿಗ್ಗಿಸಿ ತೆಗೆದ ಫೋಟೋ ನನ್ನ ಮುಂದೆ ಇದೆಯಲ್ಲ."

ಅಕ್ಕ, "ಒಂದ್ಸಲ ಬಂದು ನೋಡ್ಕೊಂಡು ಹೋಗೇ. ನಿನ್ನ ಕಣ್ಣಲ್ಲಿ ನೋಡಿ ಹೇಳು, ಸುಮ್ನಾಗ್ತೀನಿ" ಎಂದಳು.

ಹೋಗಬಹುದಿತ್ತು. ಎರಡು ಬಸ್ಸು ಹಿಡಿದರೆ ಅರ್ಧ ದಿನದ ದಾರಿ. ಆದರೆ ಮಳೆಗಾಲ, ಫೋನಿನಲ್ಲಿ ಇನ್ನೂರು ಫೋಟೋ ಕಾಯುತ್ತಿದ್ದವು. ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಒಳಗಿನ ಕಾರಣ ಬೇರೆ. ಹೋದ ತಿಂಗಳು ಒಬ್ಬ ಬೆಳೆಗಾರನ ಎರಡು ಮರಕ್ಕೆ ಅವಳು ಕಡಿಯುವ ತೀರ್ಪು ಕೊಟ್ಟಾಗ ಅವನು ಕೆಳಗಿನ ಅಂಗಳದಲ್ಲಿ ನಿಂತು, "ನಿಮ್ಮ ಮನೆ ಮರ ಆಗಿದ್ರೆ ಹೀಗೆ ಕೂತಲ್ಲೇ ಹೇಳ್ತಿದ್ರಾ?" ಎಂದು ಕೂಗಿದ್ದ. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಈಗ ಅವಳ ಮನೆಯ ಮರವೇ ಬಂದಿತ್ತು. ಕೂತಲ್ಲೇ ಹೇಳಿ ತೋರಿಸುವ ಒಂದು ಚಪಲ ಅವಳಿಗೆ ಹತ್ತಿಕೊಂಡಿತು. ನ್ಯಾಯವಂತೆ ಅನ್ನಿಸಿಕೊಳ್ಳುವ ಚಪಲಕ್ಕಿಂತ ಕೆಟ್ಟ ಚಪಲ ಇನ್ನೊಂದಿಲ್ಲ. ಅದರ ಬೆಲೆಯನ್ನು ಯಾವಾಗಲೂ ಪಕ್ಕದವರು ಕೊಡುತ್ತಾರೆ.

"ಬೇರೆಯವರ ಮರಕ್ಕೆ ಹೋಗಿ ನೋಡ್ತೀನಾ ಅಕ್ಕ? ನಿನ್ನ ಮರಕ್ಕೆ ಮಾತ್ರ ಹೋದ್ರೆ ನಾಳೆ ನನ್ನ ಮುಖಕ್ಕೇ ಹೇಳ್ತಾರೆ. ತಡ ಮಾಡಿದಷ್ಟೂ ಸುತ್ತಲಿನ ಮರಕ್ಕೆ ಹಬ್ಬುತ್ತೆ. ಕಡಿಸಿಬಿಡು."

"ಒಂಬತ್ತೂನಾ?"

"ಒಂಬತ್ತೂ."

"ಆಯ್ತು ಬಿಡು. ನೀನು ಹೇಳಿದ್ಮೇಲೆ ಮುಗೀತು" ಎಂದಳು ಅಕ್ಕ. ಅವಳ ಧ್ವನಿ ಸಣ್ಣದಾಗಿತ್ತು, ಆದರೆ ಅನುಮಾನ ಇರಲಿಲ್ಲ. ಡಾಕ್ಟರಮ್ಮ ಫೋನು ಇಟ್ಟು, ಸಂಘದವರೆಲ್ಲ ನೋಡುವ ಗುಂಪಿನಲ್ಲಿ 'ನನ್ನ ಸ್ವಂತ ಅಕ್ಕನ ಒಂಬತ್ತು ಮರ, ಸುಳಿ ಕೊಳೆ, ಕಡಿದು ತಲೆ ಸುಡತಕ್ಕದ್ದು' ಎಂದು ಬರೆದಳು. 'ಸ್ವಂತ' ಎಂಬ ಮಾತನ್ನು ಬೇಕೆಂದೇ ಹಾಕಿದ್ದಳು. ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಅಂಗಳದಲ್ಲಿ ಕೂಗಿದ್ದ ಬೆಳೆಗಾರನೂ ಒಂದು ಕಳಿಸಿದ. ಆ ರಾತ್ರಿ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ವಾರ ಕಳೆಯಿತು. ಮಳೆ ನಿಂತು ಹೊಳವಾದ ಒಂದು ಮಧ್ಯಾಹ್ನ ಮಹಡಿ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ನೋಡಿದರೆ ಅಕ್ಕ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸ್ಟೀಲಿನ ದೊಡ್ಡ ಡಬ್ಬಿ, ಸೆರಗು ಒದ್ದೆ.

"ಎಷ್ಟು ಎತ್ತರದಲ್ಲಿ ಕೂತಿದ್ದೀಯೇ ಮಾರಾಯ್ತಿ! ಮರ ಹತ್ತಿದ ಹಾಗಾಯ್ತು" ಎಂದು ಕುರ್ಚಿಯಲ್ಲಿ ಕುಸಿದಳು.

"ಹೇಳಿ ಬರಬಾರದಾ ಅಕ್ಕ? ನೀರು ಕುಡಿ."

"ನೀರು ಆಮೇಲೆ. ಮೊದ್ಲು ಇದನ್ನ ನೋಡು, ಬಣ್ಣ ತಿರುಗಿಬಿಡುತ್ತೆ." ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಜರುಗಿಸಿದಳು. ನೀರಿನಲ್ಲಿ ಬೆಳ್ಳಗಿನ ದಪ್ಪ ತುಂಡುಗಳು ಮುಳುಗಿದ್ದವು. "ಚಿಕ್ಕೋಳಿದ್ದಾಗ ಇದಕ್ಕೆ ಎಷ್ಟು ಹಟ ಮಾಡ್ತಿದ್ದೆ, ನೆನಪಿದೆಯಾ? ಸಿಡಿಲು ಹೊಡೆದು ಮರ ಬಿದ್ರೆ ಎಲ್ಲರೂ ಅಯ್ಯೋ ಅಂತಿದ್ರೆ ನೀನು ಮಾತ್ರ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ."

ನೆನಪಿತ್ತು. ತೆಂಗಿನ ಸುಳಿಯ ಬುಡದಲ್ಲಿ, ಗರಿಗಳ ಪದರ ಪದರ ಬಿಡಿಸಿದ ಮೇಲೆ ಸಿಗುವ ಎಳೆಯ ತಿರುಳು. ಮರ ಸತ್ತಾಗ ಮಾತ್ರ ಸಿಗುವ ತಿನಿಸು. ಮರ ಬದುಕಿರಬೇಕಾದರೆ ಅದನ್ನು ಯಾರೂ ಮುಟ್ಟುವಂತಿಲ್ಲ, ಮರದ ಜೀವವೇ ಅದು. ಡಾಕ್ಟರಮ್ಮ ನಗುತ್ತಾ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ಕರುಂ ಎಂದಿತು. ತಣ್ಣಗೆ, ಹಾಲಿನಂತೆ, ಎಳೆ ಕೊಬ್ಬರಿಗಿಂತ ಹಗುರವಾದ ಒಂದು ಸಿಹಿ.

"ಚೆನ್ನಾಗಿದೆ ಅಕ್ಕ. ಎಲ್ಲಿ ಸಿಕ್ತು?"

"ಎಲ್ಲಿ ಸಿಗುತ್ತೆ? ನಮ್ಮ ಮರದ್ದೇ ಅಲ್ವಾ. ನಿನ್ನೆ ತಾನೇ ಕಡಿದು ಮುಗಿಸಿದ್ರು."

ಅಗಿಯುತ್ತಿದ್ದ ಬಾಯಿ ನಿಂತಿತು.

"ಯಾವ ಮರದ್ದು?"

"ಯಾವುದು ಅಂತ ಹೇಳ್ಲಿ? ಎಲ್ಲಾದ್ರದ್ದೂ ಸ್ವಲ್ಪ ಸ್ವಲ್ಪ. ಮೂಲೆ ಮರದ್ದು ಮಾತ್ರ ಬಾಯಿಗಿರಲಿ ಮೂಗಿಗೂ ಆಗ್ತಿರ್ಲಿಲ್ಲ, ಆ ನಾತ! ಅದನ್ನ ಸುಟ್ರು. ಮಿಕ್ಕ ಎಂಟೂ ಹೀಗೇ ಬೆಣ್ಣೆ ಬೆಣ್ಣೆಯಾಗಿತ್ತು. ಇದನ್ನೇನು ಸುಡೋದು ಅಂತ ಕಡಿಯೋರೇ ಹಂಚ್ಕೊಂಡ್ರು. ನಿನಗೆ ಅಂತ ನಾನು ಎತ್ತಿಟ್ಟೆ." ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನನಗೂ ಒಂದು ಕ್ಷಣ ಏನೋ ಅನ್ನಿಸ್ತು ಕಣೇ. ನಿನ್ನಣ್ಣ ಹೇಳಿದ, ರೋಗ ಇನ್ನೂ ಒಳಗೆ ಇಳಿದಿರ್ಲಿಲ್ಲ, ತಂಗಿ ಬೇಗ ಹಿಡಿದಳು, ಅದಕ್ಕೇ ಒಳಗಿನ ತೋಟ ಉಳೀತು ಅಂತ. ಹೋಗ್ಲಿ ಬಿಡು. ನನ್ನ ಮರ ಹೋದ್ರೂ ನಾಲ್ಕು ಜನರ ಮರ ಉಳೀತಲ್ಲ. ಅದನ್ನ ನಿನಗೆ ಹೇಳೋಣ ಅಂತಾನೇ ಬಂದೆ. ನಿನ್ನ ಮೇಲೆ ನನಗೆ ಬೇಜಾರಿಲ್ಲ."

ಡಾಕ್ಟರಮ್ಮ ಬಾಯಲ್ಲಿದ್ದುದನ್ನು ನುಂಗಿದಳು. ಉಗಿಯಲಾಗಲಿಲ್ಲ, ಎದುರಿಗೆ ಅಕ್ಕ ಕೂತಿದ್ದಳು. ರೋಗ ಒಳಗೆ ಇಳಿದಿರಲಿಲ್ಲವಂತೆ! ಸುಳಿ ಕೊಳೆ ಮೇಲಿಂದ ಇಳಿಯುವ ಮಳೆನೀರಲ್ಲ. ಸುಳಿ ಕಂದಾಗಿ ವಾಲಬೇಕಾದರೆ ಅದರ ಬುಡ ಕೊಳೆತಿರಲೇಬೇಕು. ಬುಡ ಕೊಳೆತ ಮರದ ತಿರುಳು ಹೀಗೆ ಹಲ್ಲಿಗೆ ಕರುಂ ಅನ್ನುವುದಿಲ್ಲ. ಫೋಟೋದಲ್ಲಿ ಒಂಬತ್ತು ಸುಳಿ ಕೆಟ್ಟಿದ್ದವು. ಡಬ್ಬಿಯಲ್ಲಿ ಎಂಟು ಮರದ ಆರೋಗ್ಯ ತೇಲುತ್ತಿತ್ತು.

ಅವಳು ಫೋನು ತೆಗೆದು ಅಣ್ಣನ ಫೋಟೋಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಹಿಂದೆ ಹೀಗೆ ನೋಡಿರಲಿಲ್ಲ. ಬಿಡಿಬಿಡಿಯಾಗಿ ಬಂದಿದ್ದವು, ಬಿಡಿಬಿಡಿಯಾಗಿ ನೋಡಿದ್ದಳು. 'ಮೂರನೇ ಮರ'ದಲ್ಲಿ ಎಡಕ್ಕೆ ಚಾಚಿದ ಒಂದು ಗರಿ, ಅದರಲ್ಲಿ ದುಂಬಿ ಹಾಕಿದ ಕತ್ತರಿ: ಒಂದು ದೊಡ್ಡ ಕೋನ, ಕೆಳಗೆ ಒಂದು ಸಣ್ಣದು, ತುದಿಯಲ್ಲಿ ಅರ್ಧ ಹರಿದ ಒಂದೇ ಒಂದು ಎಲೆ. 'ಏಳನೇ ಮರ'ದಲ್ಲಿ ಅದೇ ದೊಡ್ಡ ಕೋನ, ಅದೇ ಸಣ್ಣದು, ಅದೇ ಅರ್ಧ ಎಲೆ, ಆದರೆ ಬಲಕ್ಕೆ. ಹಿಂದಿನಿಂದ ತೆಗೆದಿದ್ದ. 'ಐದನೇ ಮರ'ದಲ್ಲಿ ಆ ಗರಿ ನೇರ ಎದುರಿಗೆ ಬಂದು ಕುಗ್ಗಿದ ಹಾಗೆ ಕಾಣುತ್ತಿತ್ತು. ಮುರಿದು ಜೋತುಬಿದ್ದ ಒಂದು ಒಣ ಹೊಂಬಾಳೆ ಒಂಬತ್ತೂ ಫೋಟೋಗಳಲ್ಲಿ ಸುತ್ತು ಬಂದಿತ್ತು. ಸುತ್ತು ಬಂದದ್ದು ಹೊಂಬಾಳೆಯಲ್ಲ, ಅಣ್ಣ. ಮೂಲೆಯ ಒಂದು ಮರದ ಸುತ್ತ, ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು, ಪ್ರದಕ್ಷಿಣೆ ಹಾಕಿದ್ದ.

ಬುಡವೊಂದು ಕಂಡಿದ್ದರೆ ಸಾಕಿತ್ತು. ಒಂಬತ್ತು ಮರದ ಬುಡವೂ ಅವಳಿಗೆ ಗೊತ್ತು, ಹುಟ್ಟಿದಾಗಿನಿಂದ ನೋಡಿದ್ದಳು. ಒಂದು ಸೊಟ್ಟ, ಒಂದರ ಹೊಟ್ಟೆ ದಪ್ಪ, ಇನ್ನೊಂದರಲ್ಲಿ ಹತ್ತಲು ಕೊರೆದ ಕಚ್ಚುಗಳು ಮಕ್ಕಳಾಗಿದ್ದ ಈ ಮೂವರ ಕಾಲಿಗೆಂದೇ ಹತ್ತಿರಹತ್ತಿರವಾಗಿ ಕೆತ್ತಿದ್ದು. ಕಾಂಡ ಕಂಡಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು, ಇದು ಮೂರನೆಯದಲ್ಲ ಎಂದು. ಆದರೆ ಬುಡ ಬೇಡ ಎಂದವಳು ಅವಳೇ.

"ಏನೇ, ಮುಖ ಯಾಕೆ ಹಾಗಾಯ್ತು?" ಎಂದಳು ಅಕ್ಕ.

"ಒಂದು ಫೋನು ಮಾಡಿ ಬರ್ತೀನಿ. ಕೂತಿರು."

ಹೊರಗಿನ ಮೊಗಸಾಲೆಯಲ್ಲಿ ನಿಂತು ಅಣ್ಣನಿಗೆ ಫೋನು ಹಚ್ಚಿದಳು. ಅವನ ಹಿಂದೆ ಲಾರಿಯಿಂದ ಕಲ್ಲು ಸುರಿಯುವ ಸದ್ದು.

"ಒಂದೇ ಮರದ ಫೋಟೋ ಒಂಬತ್ತು ಸಲ ಕಳಿಸಿದ್ಯಲ್ಲ."

ಅಣ್ಣ ಗಾಬರಿಯಾಗಲಿಲ್ಲ. ಸದ್ದಿನಿಂದ ಸ್ವಲ್ಪ ಆಚೆ ಹೋದ, ಅಷ್ಟೇ.

"ನಾನು ಕಳಿಸಿದ್ದು ಫೋಟೋ. ರೋಗ ಅಂತ ಹೇಳಿದ್ದು ಯಾರು? ಕಡೀರಿ ಅಂದಿದ್ದು ಯಾರು?"

"ಒಂಬತ್ತೂ ಎಳೆದು ನೋಡಿದ್ವಿ ಅಂದೆ."

"ಅಂದೆ. ನೀನು ಬಂದು ನೋಡ್ಬೇಕಿತ್ತು. ಅಕ್ಕ ಕರೆದಳಂತಲ್ಲ, ಯಾಕೆ ಬರ್ಲಿಲ್ಲ? ತಲೆ ಮಾತ್ರ ತೋರಿಸಿ ಅಂತ ಊರಿಗೆಲ್ಲ ಹೇಳಿದೋಳು ನೀನು. ತೋರಿಸಿದೆ."

"ಅವಳ ಅನ್ನ ಕಿತ್ಕೊಂಡ್ಯಲ್ಲೋ. ಏನು ಮಾಡ್ತೀಯ ಆ ಜಾಗದಲ್ಲಿ?"

"ರಸ್ತೆ ಬದಿ ಅಲ್ವಾ, ಗೋದಾಮು ಕಟ್ತೀನಿ. ಅಕ್ಕನ್ನೇನು ಬೀದಿಗೆ ಹಾಕಿಲ್ಲ. ಕೋಣೆ ಇರ್ಲಿ, ಬೆಳಗ್ಗೆ ಎದ್ದು ಈಗ ಕೆಲಸದ ಜಾಗ, ಆಮೇಲೆ ಗೋದಾಮು ಗುಡಿಸಿಕೊಂಡು ಇರು ಅಂದಿದ್ದೀನಿ. ಒಪ್ಕೊಂಡಿದ್ದಾಳೆ." ಆಮೇಲೆ ಅವನ ಧ್ವನಿಯಲ್ಲಿ ನಿಜವಾದ ಪ್ರೀತಿಯೇ ಬಂತು, ಅದೇ ಹೇಸಿಗೆ. "ನೋಡು, ಅವಳಿಗೆ ಏನೂ ಗೊತ್ತಿಲ್ಲ. ನೆಮ್ಮದಿಯಾಗಿದ್ದಾಳೆ. ಹೇಳಿ ಯಾಕೆ ಅವಳ ಹೊಟ್ಟೆ ಉರಿಸ್ತೀಯ? ಸಂಘದಲ್ಲಿ ನಿನ್ನ ಹೆಸರೂ ಚೆನ್ನಾಗಿದೆ. ಸುಮ್ಮನಿದ್ರೆ ಎಲ್ರಿಗೂ ಒಳ್ಳೇದು."

ಅವಳು ಫೋನು ಇಟ್ಟಳು. ಬೈಗುಳ ಬಾಯಿಗೆ ಬಂದಿತ್ತು, ಬೈಯಲಿಲ್ಲ. ಬೈದರೆ ಅರ್ಧ ತನಗೇ ತಗಲುತ್ತಿತ್ತು.

ಬಾಗಿಲ ಸಂದಿಯಿಂದ ಅಕ್ಕ ಕಾಣುತ್ತಿದ್ದಳು. ಸುಮ್ಮನೆ ಕೂರಲಾರದ ಜೀವ. ಮೂಲೆಯಲ್ಲಿದ್ದ ತನ್ನದೇ ಪೊರಕೆಯನ್ನು ಎತ್ತಿ, ಸಡಿಲವಾದ ಕಟ್ಟು ಬಿಚ್ಚಿ ಬಿಗಿಯುತ್ತಿದ್ದಳು. ಹೇಳದೆ ಇದ್ದುಬಿಡಬಹುದಿತ್ತು. ಅಣ್ಣ ಹೇಳಿದ್ದು ಸುಳ್ಳೇನಲ್ಲ. ಅಕ್ಕ ನಂಬಿದ್ದಾಳೆ, ನಂಬಿದ್ದರಿಂದ ನೆಮ್ಮದಿಯಾಗಿದ್ದಾಳೆ. ಅವಳ ಒಂಬತ್ತು ಮರ ಹೋದದ್ದಕ್ಕೆ ಒಂದು ಅರ್ಥವಾದರೂ ಉಳಿದಿದೆ, ನಾಲ್ಕು ಜನರ ಮರ ಉಳೀತಲ್ಲ ಎಂದು. ಅದನ್ನೂ ಕಿತ್ತುಕೊಳ್ಳಬೇಕೇ? ಡಾಕ್ಟರಮ್ಮ ಮೊಗಸಾಲೆಯಲ್ಲಿ ನಿಂತೇ ಇದ್ದಳು. ಆದರೆ ಅಕ್ಕನ 'ನಿನ್ನ ಮೇಲೆ ಬೇಜಾರಿಲ್ಲ' ಎಂಬ ಮಾತನ್ನು ಜೀವಮಾನವಿಡೀ ಹೊತ್ತುಕೊಂಡು ತಿರುಗುವ ಶಕ್ತಿ ಅವಳಿಗಿರಲಿಲ್ಲ. ಅದಕ್ಕೇ ಒಳಗೆ ಹೋದಳು; ಧರ್ಮಕ್ಕಲ್ಲ.

"ಅಕ್ಕ, ರೋಗ ಇದ್ದಿದ್ದು ಒಂದೇ ಮರಕ್ಕೆ."

ಅಕ್ಕನ ಕೈ ಕಟ್ಟಿನ ಮೇಲೆ ನಿಂತಿತು.

ಡಾಕ್ಟರಮ್ಮ ಹೇಳುತ್ತಾ ಹೋದಳು. ಫೋಟೋಗಳನ್ನು ತೋರಿಸಿದಳು, ಕತ್ತರಿ ಬಿದ್ದ ಗರಿಯನ್ನು ಬೆರಳಿಟ್ಟು ತೋರಿಸಿದಳು, ಎಡಕ್ಕಿದ್ದದ್ದು ಬಲಕ್ಕೆ ಬಂದದ್ದನ್ನು ತೋರಿಸಿದಳು. ಅಣ್ಣ ಫೋನಿನಲ್ಲಿ ಅಂದದ್ದನ್ನೂ ಹೇಳಿದಳು. ತಾನು ಯಾಕೆ ಬಂದು ನೋಡಲಿಲ್ಲ ಎಂಬುದನ್ನೂ ಹೇಳಿದಳು, ಅಂಗಳದಲ್ಲಿ ಕೂಗಿದವನ ಮಾತಿನ ಸಮೇತ. ಕೆಳಗಿನ ಹಳದಿ ಗರಿಗೆ ಒಂದಿಷ್ಟು ಪೊಟ್ಯಾಷ್ ಹಾಕಿದ್ದರೆ ಆಗುತ್ತಿತ್ತು ಎಂಬುದನ್ನೂ ಹೇಳಿದಳು. ಅಕ್ಕ ಕನ್ನಡಕ ಇಲ್ಲದ ಕಣ್ಣನ್ನು ಕಿರಿದು ಮಾಡಿ ಫೋನನ್ನೇ ನೋಡುತ್ತಿದ್ದಳು.

"ಇದು ಮೂಲೆ ಮರ" ಎಂದಳು ಕೊನೆಗೆ. "ಎಲ್ಲಾ ಇದೇ."

"ಹೂಂ."

"ಅಪ್ಪ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇದರ ನೆರಳಲ್ಲೇ ತಿರುಗಾಡಿಸ್ತಿದ್ದ. ಗುರುತು ಸಿಗ್ಲಿಲ್ವಾ ನಿನಗೆ?"

ಡಾಕ್ಟರಮ್ಮ ಫೋನನ್ನು ಮೇಜಿನ ಮೇಲೆ ಇಟ್ಟಳು.

ಅಕ್ಕ ಪೊರಕೆಯ ಕಟ್ಟನ್ನು ಬಿಗಿದು ಗಂಟು ಹಾಕಿದಳು, ಮೂಲೆಗೆ ಇಟ್ಟಳು. ಅರ್ಧಕ್ಕೆ ಬಿಟ್ಟು ಏಳುವ ಹೆಂಗಸಲ್ಲ ಅವಳು. ಆಮೇಲೆ ಕೇಳಿದಳು: "ಆ ಒಂದು ಮರಾನಾದ್ರೂ ಉಳಿಸಬಹುದಿತ್ತಾ? ಮೊದಲನೇ ಫೋಟೋ ಬಂದಾಗ?"

ಇಲ್ಲ ಎಂದುಬಿಡಬಹುದಿತ್ತು. ಅಷ್ಟಾದರೂ ಹಗುರ ಮಾಡಬಹುದಿತ್ತು. ಆದರೆ ಮೊದಲ ಫೋಟೋದಲ್ಲಿ ಸುಳಿ ಇನ್ನೂ ನೆಟ್ಟಗಿತ್ತು, ಬಣ್ಣ ಮಾತ್ರ ಕಂದಿತ್ತು. ಆಗ ಹತ್ತಿಸಿ, ಕೊಳೆತದ್ದನ್ನೆಲ್ಲ ಗಟ್ಟಿ ತಿರುಳು ಸಿಗುವವರೆಗೆ ಕೆತ್ತಿ ತೆಗೆದು, ಮೈಲುತುತ್ತ ಸುಣ್ಣದ ಮುಲಾಮು ಬಳಿದು, ಮಳೆ ನೀರು ಇಳಿಯದಂತೆ ಮುಚ್ಚಿ ಕಟ್ಟಿದ್ದರೆ ಎಷ್ಟೋ ಮರ ಮತ್ತೆ ಸುಳಿ ಬಿಟ್ಟಿವೆ. ಸಂಘದಲ್ಲಿ ಅವಳೇ ಹಾಗೆ ಉಳಿಸಿಕೊಟ್ಟದ್ದಿದೆ. ಬೇರೆಯವರ ಮರಗಳನ್ನು.

"ಉಳಿಯೋ ಹಾಗಿತ್ತು" ಎಂದಳು.

ಅಕ್ಕ ತಲೆ ಆಡಿಸಿದಳು. ಎದ್ದು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ಮುಚ್ಚಳ ಒತ್ತಿ, ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿ, ಚೀಲಕ್ಕೆ ಹಾಕಿಕೊಂಡಳು.

"ಅಕ್ಕ, ಊಟ ಮಾಡ್ಕೊಂಡು ಹೋಗು. ನನ್ನ ಮನೆಗೆ ಬಂದು ಇದ್ದುಬಿಡು. ನಾನು ಸಂಘದಲ್ಲಿ ಎಲ್ಲರ ಮುಂದೆ ಹೇಳ್ತೀನಿ, ಅಣ್ಣನ ಮೇಲೆ—"

"ನಾಳೆ ಬೆಳಗ್ಗೆ ಗುಡಿಸೋಕೆ ಹೋಗ್ಬೇಕು" ಎಂದಳು ಅಕ್ಕ. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದಳು: "ಅವನು ನನ್ನ ಮರ ಕಡಿಸ್ತಾನೆ ಅಂತ ನನಗೆ ಯಾವತ್ತೂ ಭಯ ಇತ್ತು. ನೀನಿದ್ದೀಯಲ್ಲ ಅಂತ ಧೈರ್ಯವಾಗಿದ್ದೆ."

ಮೆಟ್ಟಿಲಿಳಿಯುವ ಸದ್ದು ನಿಧಾನವಾಗಿ ಕೆಳಗೆ ಹೋಯಿತು. ಮೇಜಿನ ಮೇಲೆ ಡಬ್ಬಿ ಕೂತಿದ್ದ ಜಾಗದಲ್ಲಿ ನೀರಿನ ಒಂದು ದುಂಡು ಗುರುತು ಉಳಿದಿತ್ತು. ಫೋನಿನಲ್ಲಿ ಯಾರದೋ ಮರದ ತಲೆ ಬಂದು ಬಿತ್ತು, ಅದರ ಹಿಂದೆಯೇ ಇನ್ನೊಂದು. ಡಾಕ್ಟರಮ್ಮ ಅವನ್ನು ತೆರೆಯಲಿಲ್ಲ. ಅವಳ ಬಾಯಲ್ಲಿ ಇನ್ನೂ ಸಿಹಿಯಿತ್ತು.